ಸ್ವಾತಿ ಕಿತ್ತಳೆ, ಚಿತ್ರಾ ನೀಲಿ: ಬಣ್ಣ ನೋಡಿ ನಕ್ಷತ್ರದ ಬಿಸಿ ಅಳೆಯುವುದು ಹೇಗೆ?

ಅಂಗಡಿಯಲ್ಲಿ ಎಲ್‌ಇಡಿ ಬಲ್ಬ್ ಕೊಳ್ಳುವಾಗ ಡಬ್ಬದ ಮೇಲಿನ ಒಂದು ಅಂಕಿಯನ್ನು ಗಮನಿಸಿದ್ದೀರಾ? ಹಳದಿ ಬೆಳಕಿನ ಬಲ್ಬ್ ಆದರೆ 2700K, ಬಿಳಿ ಬೆಳಕಿನದಾದರೆ 6500K ಎಂದಿರುತ್ತದೆ. K ಅಂದರೆ ಕೆಲ್ವಿನ್, ಬಿಸಿಯ ಅಳತೆ. ಸೆಲ್ಸಿಯಸ್ ಡಿಗ್ರಿಗೆ 273 ಕೂಡಿಸಿದರೆ ಕೆಲ್ವಿನ್ ಸಿಗುತ್ತದೆ. ಬಲ್ಬೇನೂ ಅಷ್ಟು ಕಾಯುವುದಿಲ್ಲ. ಒಂದು ವಸ್ತುವನ್ನು 2700 ಕೆಲ್ವಿನ್‌ವರೆಗೆ ಕಾಯಿಸಿದರೆ ಅದು ಯಾವ ಬಣ್ಣದಲ್ಲಿ ಹೊಳೆಯುತ್ತದೋ, ಈ ಬಲ್ಬಿನ ಬೆಳಕು ಆ ಬಣ್ಣದ್ದು ಎಂದಷ್ಟೇ ಅರ್ಥ.

ನಕ್ಷತ್ರಗಳ ವಿಷಯದಲ್ಲಿ ಖಗೋಳಜ್ಞರು ಇದನ್ನೇ ತಿರುವಿ ಮಾಡುತ್ತಾರೆ. ಬಣ್ಣ ಎದುರಿಗಿದೆ, ಡಬ್ಬದ ಮೇಲಿನ ಅಂಕಿ ಬರೆಯಬೇಕು. ಅದನ್ನು ಬರೆಯುವ ಬಗೆಯನ್ನು ಸ್ವಾತಿ ನಕ್ಷತ್ರವನ್ನೇ ಹಿಡಿದು ಒಂದೊಂದಾಗಿ ನೋಡೋಣ.

ಮೊದಲು ಕಣ್ಣಿಗೆ ಬಣ್ಣ ಕಾಣಲಿ

ಸ್ವಾತಿ ಮಳೆ, ಚಿತ್ತಾ ಮಳೆ ನಮಗೆ ಗೊತ್ತು. ಆ ಹೆಸರಿನ ನಕ್ಷತ್ರಗಳನ್ನು ನೋಡಲು ಮೇ ತಿಂಗಳು ಒಳ್ಳೆಯದು. ರಾತ್ರಿ ಒಂಬತ್ತರ ಹೊತ್ತಿಗೆ ಉತ್ತರದಲ್ಲಿ ಸಪ್ತರ್ಷಿ ಮಂಡಲ ಹುಡುಕಿ. ಅದರ ಬಾಲದ ಬಾಗನ್ನೇ ಹಿಡಿದು ಪೂರ್ವಕ್ಕೆ ಕಣ್ಣು ಹಾಯಿಸಿದರೆ ಮೊದಲು ಸಿಗುವ ದೊಡ್ಡ ನಕ್ಷತ್ರ ಸ್ವಾತಿ. ಅದೇ ಬಾಗಿನಲ್ಲಿ ಇನ್ನೂ ಮುಂದೆ ಹೋದರೆ ಚಿತ್ರಾ.

ಬರಿಗಣ್ಣಿಗೆ ಎರಡೂ ಮಿನುಗುವ ಚುಕ್ಕಿಗಳೇ. ಬೈನಾಕ್ಯುಲರ್ ಇದ್ದರೆ ಒಂದು ಉಪಾಯ ಮಾಡಿ: ಫೋಕಸ್ ತಿರುಪನ್ನು ಬೇಕೆಂದೇ ಸ್ವಲ್ಪ ಕೆಡಿಸಿ. ಚುಕ್ಕಿ ಹರಡಿ ಬಟ್ಟಲಿನಂತೆ ಅಗಲವಾಗುತ್ತದೆ. ಆಗ ಬಣ್ಣ ತಟ್ಟನೆ ಕಾಣುತ್ತದೆ. ಸ್ವಾತಿ ಕಿತ್ತಳೆ, ಚಿತ್ರಾ ತಿಳಿನೀಲಿ. ಮೊದಲ ಸಲ ಹೀಗೆ ನೋಡಿದಾಗ ನಾನು ಒಂದರಿಂದ ಇನ್ನೊಂದಕ್ಕೆ ಎಷ್ಟು ಸಲ ತಿರುಗಿದೆನೋ ಲೆಕ್ಕವಿಲ್ಲ.

ಕಿತ್ತಳೆ ಎಂದರೆ ತಣ್ಣಗೆ, ನೀಲಿ ಎಂದರೆ ಬಿಸಿ. ಕುಲುಮೆಯಲ್ಲಿ ಕಬ್ಬಿಣ ಕಾಯುವುದನ್ನು ನೋಡಿದವರಿಗೆ ಇದರ ಅರ್ಧ ಗೊತ್ತೇ ಇರುತ್ತದೆ. ಮೊದಲು ಮಂಕು ಕೆಂಪು, ಆಮೇಲೆ ಕಿತ್ತಳೆ, ಇನ್ನೂ ತಿದಿ ಒತ್ತಿದರೆ ಹಳದಿ. ಬಿಸಿ ಏರಿದಂತೆ ಎಲ್ಲ ಬಣ್ಣದ ಬೆಳಕೂ ಹೆಚ್ಚುತ್ತದೆ. ಆದರೆ ನೀಲಿ ಉಳಿದವಕ್ಕಿಂತ ಬೇಗ ಹೆಚ್ಚುತ್ತದೆ. ಕಬ್ಬಿಣ ನೀಲಿಯವರೆಗೆ ಹೋಗುವುದಿಲ್ಲ, ಅದಕ್ಕೆ ಮುಂಚೆಯೇ ಕರಗಿ ಆವಿಯಾಗುತ್ತದೆ. ನಕ್ಷತ್ರ ಹೋಗುತ್ತದೆ.

ಬಣ್ಣವನ್ನು ಅಂಕಿಗೆ ಇಳಿಸುವುದು

'ಕಿತ್ತಳೆ' ಎಂದರೆ ನಿಮಗೊಂದು, ನನಗೊಂದು. ಲೆಕ್ಕಕ್ಕೆ ಅದು ಸಾಲದು. ಅದಕ್ಕೆ ಟೆಲಿಸ್ಕೋಪಿನ ಕ್ಯಾಮೆರಾದ ಮುಂದೆ ಒಂದಾದ ಮೇಲೆ ಒಂದು ಬಣ್ಣದ ಗಾಜು ಇಡುತ್ತಾರೆ. 'ಬಿ' ಫಿಲ್ಟರ್ 440 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನ ನೀಲಿ ಬೆಳಕನ್ನು ಮಾತ್ರ ಒಳಗೆ ಬಿಡುತ್ತದೆ. 'ವಿ' ಫಿಲ್ಟರ್ 550 ಆಸುಪಾಸಿನ ಹಸಿರು-ಹಳದಿಯನ್ನು ಬಿಡುತ್ತದೆ. ಅಮೆರಿಕದ ಹೆರಾಲ್ಡ್ ಜಾನ್ಸನ್ ಮತ್ತು ವಿಲಿಯಂ ಮಾರ್ಗನ್ 1953ರಲ್ಲಿ ಗೊತ್ತುಮಾಡಿದ ಈ ಜೋಡಿ ಇವತ್ತಿಗೂ ಬಳಕೆಯಲ್ಲಿದೆ.

ಒಂದೊಂದು ಫಿಲ್ಟರಿನಲ್ಲಿ ಸೆಕೆಂಡಿಗೆ ಎಷ್ಟು ಬೆಳಕು ಬಂತು ಎಂದು ಎಣಿಸಬೇಕು. ಆದರೆ ಆ ಎಣಿಕೆ ಹಾಗೆಯೇ ಉಪಯೋಗಕ್ಕೆ ಬರುವುದಿಲ್ಲ. ನಿಮ್ಮ ಕ್ಯಾಮೆರಾ ನೀಲಿಯನ್ನು ಕಡಿಮೆ ಹಿಡಿಯಬಹುದು, ನನ್ನದು ಜಾಸ್ತಿ ಹಿಡಿಯಬಹುದು. ಆದ್ದರಿಂದ ಎಲ್ಲರೂ ಒಪ್ಪಿದ ಒಂದು ನಕ್ಷತ್ರವನ್ನು ತಕ್ಕಡಿಯ ಬಟ್ಟಿನಂತೆ ಇಟ್ಟುಕೊಳ್ಳುತ್ತಾರೆ. ಅಭಿಜಿತ್ ಅಂಥದ್ದು. ಅದರ ನೀಲಿಯೂ 100, ಹಸಿರು-ಹಳದಿಯೂ 100 ಎಂದು ಇಟ್ಟುಕೊಳ್ಳಿ.

ಈ ಬಟ್ಟಿನಲ್ಲಿ ತೂಗಿದರೆ, ಸ್ವಾತಿಯ ಹಸಿರು-ಹಳದಿ 100 ಇರುವಾಗ ನೀಲಿ ಸಿಗುವುದು ಬರೀ 32. ನಮ್ಮ ಸೂರ್ಯನದು 55. ಚಿತ್ರಾದ್ದು 124.

ಖಗೋಳಜ್ಞರು ಇದನ್ನು ನಕ್ಷತ್ರದ ಪ್ರಕಾಶ ಅಳೆಯುವ ಮಾನವಾದ ಕಾಂತಿಮಾನದ ಭಾಷೆಯಲ್ಲಿ ಬರೆಯುತ್ತಾರೆ. ನೀಲಿಯನ್ನು ಹಸಿರು-ಹಳದಿಯಿಂದ ಭಾಗಿಸಿ, ಲಾಗರಿದಮ್ ತೆಗೆದು, ಮೈನಸ್ 2.5ರಿಂದ ಗುಣಿಸಬೇಕು. ಸ್ವಾತಿಗೆ 0.32ರ ಲಾಗ್ ಸುಮಾರು ಮೈನಸ್ 0.49. ಗುಣಿಸಿದರೆ 1.23. ಇದಕ್ಕೆ ಬಿ-ವಿ ಎಂದು ಹೆಸರು. ಅಭಿಜಿತ್‌ಗೆ ಅದು ಸೊನ್ನೆ, ಸೂರ್ಯನಿಗೆ 0.65, ಚಿತ್ರಾಕ್ಕೆ ಮೈನಸ್ 0.23. ಅಂಕಿ ದೊಡ್ಡದಾದಷ್ಟೂ ನಕ್ಷತ್ರ ಕೆಂಪು ಎಂದು ನೆನಪಿಟ್ಟುಕೊಂಡರೆ ಸಾಕು.

ಎಣಿಕೆ ಕೆಡುವ ಎರಡು ಕಡೆ

ಸ್ವಾತಿ ಬಹಳ ಪ್ರಕಾಶದ ನಕ್ಷತ್ರ. ಹೆಚ್ಚು ಹೊತ್ತು ಬೆಳಕು ಬಿಟ್ಟರೆ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಚುಕ್ಕಿಗಳು ಕೊಡ ತುಂಬಿದಂತೆ ತುಂಬಿಬಿಡುತ್ತವೆ. ಆಮೇಲೆ ಬಂದ ಬೆಳಕು ಲೆಕ್ಕಕ್ಕೆ ಸೇರುವುದಿಲ್ಲ. ಸ್ವಾತಿಯಲ್ಲಿ ಹಸಿರು-ಹಳದಿ ಜಾಸ್ತಿ ಇರುವುದರಿಂದ ಸಾಮಾನ್ಯವಾಗಿ ಆ ಕೊಡವೇ ಮೊದಲು ತುಂಬುತ್ತದೆ. ನೀಲಿಯ ಪಾಲು ಸುಳ್ಳೇ ಹೆಚ್ಚಿದಂತೆ ಕಂಡು, ನಕ್ಷತ್ರ ಇರುವುದಕ್ಕಿಂತ ಬಿಸಿ ಎಂದು ಲೆಕ್ಕ ಬರುತ್ತದೆ. ಪತ್ತೆ ಹಚ್ಚುವುದು ಸುಲಭ. ನಕ್ಷತ್ರದ ಚಿತ್ರವನ್ನು ಅಡ್ಡಕ್ಕೆ ಸೀಳಿ ಗ್ರಾಫ್ ಮಾಡಿದರೆ ಗುಡ್ಡದಂತೆ ಚೂಪಾಗಿ ಏರಿ ಇಳಿಯಬೇಕು. ತುದಿ ಮೊಟಕಾಗಿ, ಚಪ್ಪಟೆಯಾಗಿದ್ದರೆ ಆ ಚಿತ್ರ ಬಿಟ್ಟುಬಿಡಿ, ಕಡಿಮೆ ಹೊತ್ತಿನದು ತೆಗೆಯಿರಿ.

ಎರಡನೆಯದು ನಮ್ಮ ಗಾಳಿ. ಮುಳುಗುವ ಸೂರ್ಯ ಕೆಂಪಾಗುತ್ತಾನಲ್ಲ, ನಕ್ಷತ್ರಕ್ಕೂ ಅದೇ ಗತಿ. ನೆತ್ತಿಯ ಮೇಲಿನ ಗಾಳಿ, ಒಳ್ಳೆಯ ಜಾಗದಲ್ಲೂ, ನೀಲಿಯನ್ನು ಹಸಿರು-ಹಳದಿಗಿಂತ ಸುಮಾರು 0.1 ಕಾಂತಿಮಾನದಷ್ಟು ಜಾಸ್ತಿ ನುಂಗುತ್ತದೆ. ದಿಗಂತದಿಂದ 30 ಡಿಗ್ರಿ ಎತ್ತರದಲ್ಲಿ ಬೆಳಕು ಎರಡರಷ್ಟು ಗಾಳಿ ದಾಟಬೇಕು, ಹಾಗಾಗಿ ನಷ್ಟವೂ 0.2 ಆಗುತ್ತದೆ. ತಿದ್ದದೆ ಬಿಟ್ಟರೆ ಸ್ವಾತಿಯ 1.23 ಹೋಗಿ 1.43 ಆಗುತ್ತದೆ, ಲೆಕ್ಕದಲ್ಲಿ ಸುಮಾರು 350 ಕೆಲ್ವಿನ್ ತಣ್ಣಗಾಗಿಬಿಡುತ್ತದೆ. ಅದಕ್ಕೇ ಹೋಲಿಕೆಯ ನಕ್ಷತ್ರವನ್ನು ಹೆಚ್ಚು ಕಡಿಮೆ ಅದೇ ಎತ್ತರದಲ್ಲಿರುವಾಗ ಅಳೆಯುತ್ತಾರೆ. ಇಲ್ಲವೆಂದರೆ ಒಂದೇ ನಕ್ಷತ್ರವನ್ನು ರಾತ್ರಿಯಿಡೀ ಬೇರೆ ಬೇರೆ ಎತ್ತರದಲ್ಲಿ ಅಳೆದು, ಗಾಳಿ ಎಷ್ಟು ನುಂಗುತ್ತಿದೆ ಎಂದು ಕಂಡುಹಿಡಿದು ಕಳೆಯುತ್ತಾರೆ.

ಅಂಕಿಯಿಂದ ಬಿಸಿಗೆ

ಈಗ ಕೈಯಲ್ಲಿ 1.23 ಇದೆ. ಸ್ಪೇನಿನ ಖಗೋಳಜ್ಞ ಫೆರ್ನಾಂಡೊ ಬಯೆಸ್ಟೆರೋಸ್ 2012ರಲ್ಲಿ ಕೊಟ್ಟ ಸೂತ್ರ ಮನೆಯಲ್ಲೇ ಲೆಕ್ಕ ಹಾಕುವವರಿಗೆ ಅನುಕೂಲ:

```
C = B - V
T = 4600 × [ 1/(0.92×C + 1.7) + 1/(0.92×C + 0.62) ]
```

ಸ್ವಾತಿಗೆ ಹಾಕಿ. 0.92 ಮತ್ತು 1.23ರ ಗುಣಲಬ್ಧ 1.13. ಅದಕ್ಕೆ 1.7 ಕೂಡಿಸಿದರೆ 2.83, ಒಂದನ್ನು ಅದರಿಂದ ಭಾಗಿಸಿದರೆ 0.353. ಅದೇ 1.13ಕ್ಕೆ 0.62 ಕೂಡಿಸಿದರೆ 1.75, ಭಾಗಿಸಿದರೆ 0.571. ಎರಡೂ ಸೇರಿ 0.924. ಇದನ್ನು 4600ರಿಂದ ಗುಣಿಸಿದರೆ 4250 ಕೆಲ್ವಿನ್.

ಸರಿಯೋ ತಪ್ಪೋ ನೋಡಲು ಬಣ್ಣದ ಗೊಡವೆಯೇ ಇಲ್ಲದ ಇನ್ನೊಂದು ದಾರಿ ಇದೆ. ದೂರ ದೂರ ಇಟ್ಟ ಟೆಲಿಸ್ಕೋಪುಗಳ ಬೆಳಕು ಕೂಡಿಸಿ ಸ್ವಾತಿಯ ತಟ್ಟೆಯ ಅಗಲವನ್ನೇ ಅಳೆದಿದ್ದಾರೆ. ಅಗಲ ಗೊತ್ತು, ನಮಗೆ ಬಂದು ತಲುಪುವ ಒಟ್ಟು ಶಕ್ತಿ ಗೊತ್ತು. ಅಷ್ಟು ಶಕ್ತಿ ಹೊಮ್ಮಿಸಲು ಮೇಲ್ಮೈ ಎಷ್ಟು ಕಾಯ್ದಿರಬೇಕು ಎಂದು ಲೆಕ್ಕ ಹಾಕಿದರೆ 4290 ಆಸುಪಾಸು ಬರುತ್ತದೆ. ವ್ಯತ್ಯಾಸ ನೂರಕ್ಕೆ ಒಂದು. ಎರಡು ಗಾಜು, ಒಂದು ಭಾಗಾಕಾರದಿಂದ ಇಷ್ಟು ಹತ್ತಿರ ಬಂದೆವು ಅನ್ನುವುದು ನನಗೆ ಇಂದಿಗೂ ಖುಷಿ ಕೊಡುತ್ತದೆ.

ಮೇಲ್ಮೈ ಎಂದೆ, ಆದರೆ ಅಲ್ಲಿ ನೆಲವಿಲ್ಲ. ಬೆಳಕು ಅನಿಲದಿಂದ ಬಿಡಿಸಿಕೊಂಡು ಹೊರಗೆ ಹೊರಡುವ ಪದರ ಅದು. ಒಳಗಿನ ಕೋಟಿಗಟ್ಟಲೆ ಡಿಗ್ರಿಯ ಬಗ್ಗೆ ಬಣ್ಣ ಏನೂ ಹೇಳುವುದಿಲ್ಲ.

ಚಿತ್ರಾದಲ್ಲಿ ಸೂತ್ರ ಸೋಲುತ್ತದೆ

ಅದೇ ಸೂತ್ರಕ್ಕೆ ಚಿತ್ರಾದ ಮೈನಸ್ 0.23 ಹಾಕಿ. ಸುಮಾರು 14,350 ಬರುತ್ತದೆ. ನಿಜವಾದ ಬಿಸಿ 25,000ದ ಹತ್ತಿರ! (ಚಿತ್ರಾ ಒಂದಕ್ಕೊಂದು ಅಂಟಿದಂತೆ ಸುತ್ತುವ ಜೋಡಿ ನಕ್ಷತ್ರ, ಇದು ದೊಡ್ಡದರ ಬಿಸಿ.)

ಎಣಿಕೆ ತಪ್ಪಿಲ್ಲ. ಇಷ್ಟು ಬಿಸಿಯಾದ ನಕ್ಷತ್ರ ತನ್ನ ಬೆಳಕಿನ ಹೆಚ್ಚಿನ ಪಾಲನ್ನು ಕಣ್ಣಿಗೆ ಕಾಣದ ನೇರಳಾತೀತದಲ್ಲಿ ಸುರಿಯುತ್ತದೆ. ನಮ್ಮ ಎರಡೂ ಗಾಜಿಗೆ ಸಿಗುವುದು ಆ ಬೆಳಕಿನ ಬಾಲ ಮಾತ್ರ. ಬಾಲದಲ್ಲಿ ನೀಲಿಗೂ ಹಸಿರು-ಹಳದಿಗೂ ಇರುವ ಅನುಪಾತ ಬಿಸಿ ಏರಿದರೂ ಹೆಚ್ಚು ಬದಲಾಗುವುದಿಲ್ಲ. ಅಲ್ಲಿ ಬಿ-ವಿಯ ಒಂದು ಕೂದಲೆಳೆಯ ವ್ಯತ್ಯಾಸಕ್ಕೆ ಸಾವಿರಾರು ಕೆಲ್ವಿನ್ ಏರುಪೇರು. 10,000 ದಾಟಿದ ನಕ್ಷತ್ರಕ್ಕೆ ಈ ಸೂತ್ರವನ್ನು ನಂಬಬೇಡಿ.

ಧೂಳಿನ ಮೋಸ

ಇನ್ನೂ ದೊಡ್ಡ ಮೋಸ ವೃಶ್ಚಿಕದ ಮೇಲ್ಗಡೆ ಉರಗಧರ ರಾಶಿಯಲ್ಲಿದೆ. ಜೀಟಾ ಓಫಿಯೂಕಿ ಎಂಬ ನಕ್ಷತ್ರದ ಬಿ-ವಿ 0.02. ಹೆಚ್ಚು ಕಡಿಮೆ ಅಭಿಜಿತ್‌ನಷ್ಟೇ. ಅಭಿಜಿತ್‌ನ ಬಿಸಿ 9,600 ಕೆಲ್ವಿನ್ ಆಸುಪಾಸು, ಇದೂ ಅಷ್ಟೇ ಇರಬೇಕು ಅಲ್ವಾ?

ಅದರ ಬೆಳಕನ್ನು ಬಿಡಿಸಿ ರೋಹಿತ ನೋಡಿದರೆ ಬೇರೆಯದೇ ಕಥೆ. ಎಲೆಕ್ಟ್ರಾನ್ ಒಂದನ್ನು ಕಳೆದುಕೊಂಡ ಹೀಲಿಯಂನ ಕಪ್ಪು ಗೆರೆಗಳು ಅಲ್ಲಿವೆ. ಹೀಲಿಯಂ ತನ್ನ ಎಲೆಕ್ಟ್ರಾನನ್ನು ಸುಮ್ನೆ ಬಿಟ್ಟುಕೊಡುವುದಿಲ್ಲ, ಅದಕ್ಕೆ ಭಾರೀ ಬಿಸಿ ಬೇಕು. ಯಾವ ಬಿಸಿಗೆ ಯಾವ ಪರಮಾಣು ಎಷ್ಟು ಒಡೆಯುತ್ತದೆ ಎಂದು ಹೇಳುವ ಸಮೀಕರಣವನ್ನು 1920ರಲ್ಲಿ ಕೊಟ್ಟವರು ನಮ್ಮ ಮೇಘನಾದ ಸಹಾ. ಆ ಲೆಕ್ಕದ ದಾರಿಯಲ್ಲಿ ಹೋದರೆ ಜೀಟಾ ಓಫಿಯೂಕಿಯ ಬಿಸಿ 30,000ಕ್ಕೂ ಜಾಸ್ತಿ.

ಹಾಗಾದರೆ ನೀಲಿ ಎಲ್ಲಿ ಹೋಯಿತು? ನಡುವೆ ಧೂಳಿದೆ. ನಮ್ಮ ಗಾಳಿ ಮಾಡುವ ಕೆಲಸವನ್ನೇ ನಕ್ಷತ್ರಗಳ ನಡುವಿನ ಧೂಳೂ ಮಾಡುತ್ತದೆ, ನೀಲಿಯನ್ನು ಚದುರಿಸಿ ಕೆಂಪನ್ನು ಮುಂದೆ ಬಿಡುತ್ತದೆ. ರೋಹಿತದ ಗೆರೆಗೆ ಈ ಕಾಟವಿಲ್ಲ. ಗೆರೆಯೂ ಅದರ ಅಕ್ಕಪಕ್ಕದ ಬೆಳಕೂ ಒಂದೇ ಬಣ್ಣ, ಎರಡೂ ಒಟ್ಟಿಗೇ ಮಂಕಾಗುತ್ತವೆ. ಆದ್ದರಿಂದ ಗೆರೆ ಒಂದು ಹೇಳಿ ಬಣ್ಣ ಇನ್ನೊಂದು ಹೇಳಿದರೆ ಧೂಳಿನ ಮೇಲೆ ಅನುಮಾನ ಪಡಬೇಕು.

ಅನುಮಾನವನ್ನು ಅಳತೆಗೂ ತರಬಹುದು. ಇಂಥ ಗೆರೆಗಳಿರುವ ನಕ್ಷತ್ರದ ಬಿ-ವಿ ಧೂಳಿಲ್ಲದೆ ನೋಡಿದರೆ ಮೈನಸ್ 0.30 ಇರಬೇಕು. ಕಂಡದ್ದು 0.02. ಕಾಣೆಯಾದದ್ದು 0.32. ನಮ್ಮ ಗೆಲಾಕ್ಸಿಯ ಸಾಮಾನ್ಯ ಧೂಳು ಹಸಿರು-ಹಳದಿ ಬೆಳಕನ್ನು ಈ ಅಂಕಿಯ ಸುಮಾರು 3.1 ಪಟ್ಟು ಮಂಕು ಮಾಡುತ್ತದೆ. ಗುಣಿಸಿದರೆ ಒಂದು ಕಾಂತಿಮಾನ. ಅಂದರೆ ನಡುವೆ ಧೂಳಿಲ್ಲದಿದ್ದರೆ ಜೀಟಾ ಓಫಿಯೂಕಿ ಈಗಿರುವುದಕ್ಕಿಂತ ಎರಡೂವರೆ ಪಟ್ಟು ಪ್ರಕಾಶವಾಗಿ, ಚಿತ್ರಾದಂತೆಯೇ ತಿಳಿನೀಲಿಯಾಗಿ ನಮ್ಮ ಮಳೆಗಾಲದ ಆಕಾಶದಲ್ಲಿ ಹೊಳೆಯುತ್ತಿತ್ತು.