ಮಿಡಿ ಉಪ್ಪಿನಕಾಯಿಯಲ್ಲಿ ಗೋಧಿ ಎಲ್ಲಿಂದ ಬಂತು?

ಬೆಂಗಳೂರಿಂದ ಒಬ್ಬರು ಫೋನ್ ಮಾಡಿದ್ದರು. ಅಂಗಡಿಯಲ್ಲಿ ನಮ್ಮ ಅಪ್ಪೆಮಿಡಿ ಬಾಟಲಿ ತಗೊಂಡಿದ್ದರಂತೆ. "ಅಕ್ಕಾ, ನನ್ನ ಮಗನಿಗೆ ಸೀಲಿಯಾಕ್, ಗೋಧಿ ಒಂಚೂರೂ ಆಗಲ್ಲ. ಇದರಲ್ಲಿ ಗೋಧಿ ಇಲ್ವಲ್ಲ?" ಅಂತ ಕೇಳಿದರು. "ಉಪ್ಪಿನಕಾಯಿಗೆ ಎಂತ ಗೋಧಿ ಮಾರಾಯ್ರೆ" ಅಂತ ನಗುತ್ತ ಫೋನ್ ಇಟ್ಟೆ. ಇಟ್ಟ ಮೇಲೆ ಸಮಾಧಾನ ಇಲ್ಲ. ಅಡುಗೆಮನೆಗೆ ಹೋಗಿ ಮಸಾಲೆಗೆ ಹಾಕುವ ಒಂದೊಂದು ಪೊಟ್ಟಣವನ್ನೂ ತಿರುಗಿಸಿ ಓದಿದೆ. ಇಂಗಿನ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿತ್ತು: ತಿನ್ನುವ ಗೋಂದು, ಗೋಧಿ ಹಿಟ್ಟು, ಇಂಗು. ಅದೇ ಕ್ರಮದಲ್ಲಿ. ಅಂದರೆ ಇಂಗು ಅಂತ ನಾವು ತರುವ ಪುಡಿಯಲ್ಲಿ ಎಲ್ಲದಕ್ಕಿಂತ ಕಡಿಮೆ ಇರುವುದೇ ಇಂಗು! ಕೂಡಲೇ ಅವರಿಗೆ ವಾಪಸ್ ಫೋನ್ ಮಾಡಿ, ಬಾಟಲಿ ತೆಗೆಯಬೇಡಿ ಅಂದೆ.

ಹೊಸನಗರ ತಾಲ್ಲೂಕಿನ ನಮ್ಮ ಮನೆಯಲ್ಲಿ ಮಾರಾಟಕ್ಕೆ ಉಪ್ಪಿನಕಾಯಿ ಹಾಕಲು ಶುರುಮಾಡಿ ಆಗ ನಾಲ್ಕು ವರ್ಷ. ಲೈಸೆನ್ಸ್ ಇತ್ತು, ಲೇಬಲ್ ಇತ್ತು. ಆದರೆ ಆ ಲೇಬಲ್ ಅತ್ತೆ ಬಾಯಲ್ಲಿ ಹೇಳಿದ್ದನ್ನು ನಾನು ಬರೆದುಕೊಂಡದ್ದು: ಮಾವಿನ ಮಿಡಿ, ಉಪ್ಪು, ಮೆಣಸು, ಸಾಸಿವೆ, ಅರಿಶಿನ, ಇಂಗು. ಫೋನ್ ಬಂದ ಮರುದಿನ ತಕ್ಕಡಿ ಇಟ್ಟುಕೊಂಡು, ಒಂದು ಭರಣಿಯ ಲೆಕ್ಕ ಮೊದಲಿಂದ ಬರೆದೆ.

ಹತ್ತು ಕಿಲೋ ಮಿಡಿಗೆ ಎರಡೂವರೆ ಕಿಲೋ ಉಪ್ಪು. ಮಸಾಲೆಗೆ ಸಾಸಿವೆ 700 ಗ್ರಾಂ, ಒಣಮೆಣಸು 600, ಅರಿಶಿನ 80, ಇಂಗಿನ ಪುಡಿ 40. ರುಬ್ಬುವಾಗ ಕುದಿಸಿ ಆರಿಸಿದ ನೀರು ಒಂದು ಲೀಟರ್. ತಯಾರಿಸುವ ಹೊತ್ತಿಗೆ ಯಾವುದರ ತೂಕ ಹೆಚ್ಚೋ ಅದು ಮೊದಲು, ಆಮೇಲೆ ಇಳಿಯುತ್ತ ಬರಬೇಕು ಅನ್ನುವುದು ಆಹಾರದ ಲೇಬಲ್ ನಿಯಮ. ಹಾಗೆ ಜೋಡಿಸಿದರೆ ಮಿಡಿ, ಉಪ್ಪು, ನೀರು, ಸಾಸಿವೆ, ಮೆಣಸು, ಅರಿಶಿನ, ಇಂಗು. ಮೆಣಸಿಗಿಂತ ಸಾಸಿವೆ ಮುಂದೆ ಬಂತು. ನೀರನ್ನಂತೂ ನಾವು ಬರೆದೇ ಇರಲಿಲ್ಲ.

ನೀರಿನ ವಿಷಯದಲ್ಲಿ ಸ್ವಲ್ಪ ತಲೆ ಕೆಡಿಸಿಕೊಂಡೆ. ಉಪ್ಪಿಗೆ ಹಾಕಿದ ಮಿಡಿ ತಿಂಗಳೊಳಗೆ ಸುಕ್ಕುಗಟ್ಟಿ, ಭರಣಿ ತುಂಬ ನೀರು ಬಿಟ್ಟಿರುತ್ತದೆ. ಅದು ನಾವು ಸೇರಿಸಿದ್ದಲ್ಲ, ಮಿಡಿಯದ್ದೇ ರಸ. ಅದನ್ನು ನೀರು ಅಂತ ಬರೆಯಬೇಕಿಲ್ಲ. ರುಬ್ಬಲು ಹಾಕಿದ ಆ ಒಂದು ಲೀಟರ್ ಮಾತ್ರ ಸೇರಿಸಿದ ನೀರು, ಅದು ಬಾಟಲಿಯೊಳಗೇ ಉಳಿಯುತ್ತದೆ, ಬರೆಯಲೇಬೇಕು. ಹಲಸಿನ ಹಪ್ಪಳದ ಕಥೆ ಬೇರೆ: ಹಿಟ್ಟಿಗೆ ಚಿಮುಕಿಸಿದ ನೀರೆಲ್ಲ ಬಿಸಿಲಿಗೆ ಆರಿಹೋಗುತ್ತದೆ, ಹಾಗಾಗಿ ಅಲ್ಲಿ ಬರೆಯುವ ಅಗತ್ಯ ಇಲ್ಲ. ಈಗ ನಾನು ಮಸಾಲೆಯನ್ನು ಮಿಡಿಯ ಉಪ್ಪುನೀರನ್ನೇ ಕುದಿಸಿ ಆರಿಸಿ ರುಬ್ಬುತ್ತೇನೆ. ರುಚಿಗೂ ಅದೇ ಒಳ್ಳೆಯದು, ಲೇಬಲ್ಲಿನಿಂದ ನೀರೂ ಹೋಯಿತು.

ಇಂಗಿಗೆ ವಾಪಸ್ ಬರುತ್ತೇನೆ, ನಾನು ಎಡವಿದ್ದು ಅಲ್ಲೇ. ಎರಡು ಮೂರು ಪದಾರ್ಥ ಸೇರಿ ಆದ ವಸ್ತುವನ್ನು ನಾವು ಬಳಸಿದರೆ, ಅದರೊಳಗೆ ಏನಿದೆ ಅಂತ ಪಕ್ಕದಲ್ಲೇ ಬಿಡಿಸಿ ಬರೆಯಬೇಕು. ಆದರೆ ಅದು ಒಟ್ಟು ತೂಕದ ಶೇ. 5ಕ್ಕಿಂತ ಕಡಿಮೆ ಇದ್ದರೆ ಬಿಡಿಸಬೇಕಿಲ್ಲ. ನಮ್ಮ ಭರಣಿ ಸುಮಾರು ಹದಿನೈದು ಕಿಲೋ, ಇಂಗು 40 ಗ್ರಾಂ, ಶೇ. 0.3 ಕೂಡ ಇಲ್ಲ. ಆದ್ದರಿಂದ ಪದಾರ್ಥಗಳ ಪಟ್ಟಿಯಲ್ಲಿ "ಇಂಗು" ಅಂತಷ್ಟೇ ಇದ್ದರೆ ತಪ್ಪಿಲ್ಲ. ಇಷ್ಟು ಓದಿ, ಸದ್ಯ ಬಚಾವಾದೆ ಅಂದುಕೊಂಡಿದ್ದೆ. ಅಲರ್ಜಿಯ ಭಾಗ ಓದಿದಾಗ ಗೊತ್ತಾಯಿತು, ಆ ರಿಯಾಯಿತಿ ಅಲ್ಲಿಗೆ ತಲುಪುವುದಿಲ್ಲ. ಗೋಧಿಯಂಥ ಗ್ಲುಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿಯಂಥವು, ಶೇಂಗಾ, ಗೋಡಂಬಿ-ಬಾದಾಮಿಯಂಥ ಬೀಜಗಳು, ಸೋಯಾ, ಮತ್ತೆ ಕಿಲೋಗೆ 10 ಮಿಲಿಗ್ರಾಂ ಅಥವಾ ಹೆಚ್ಚು ಇರುವ ಸಲ್ಫೈಟ್, ಇವುಗಳಲ್ಲಿ ಯಾವುದಿದ್ದರೂ "ಕಂಟೇನ್ಸ್" ಅಂತ ಬೇರೆಯಾಗಿ ಹೇಳಬೇಕು. ಇಂಗಿನ ಹೊಟ್ಟೆಯೊಳಗೆ ಅಡಗಿ ಬಂದ ಗೋಧಿಯೂ ಗೋಧಿಯೇ.

ಸಾಸಿವೆ ನಮ್ಮ ದೇಶದ ಈ ಪಟ್ಟಿಯಲ್ಲಿ ಇಲ್ಲ. ಯುರೋಪಿನ ಪಟ್ಟಿಯಲ್ಲಿ ಇದೆ. ಅಲ್ಲಿಗೆ ಕಳಿಸುವವರು ಅದನ್ನು ಬೇರೆ ನೋಡಿಕೊಳ್ಳಬೇಕು.

ಆ ವರ್ಷದ ಉಳಿದ ಬಾಟಲಿಗಳಿಗೆಲ್ಲ "ಕಂಟೇನ್ಸ್: ವೀಟ್" ಇರುವ ಹೊಸ ಲೇಬಲ್ ಹಾಕಿಸಿದೆ. ಮುಂದಿನ ವರ್ಷಕ್ಕೆ ಅಕ್ಕಿ ಹಿಟ್ಟು ಹಾಕಿದ ಇಂಗು ಹುಡುಕಿ ತಂದೆವು. ಈಗ ಪ್ರತಿ ಸಲ ಇಂಗು ತಂದಾಗಲೂ ಡಬ್ಬಿಯ ಹಿಂಭಾಗದ ಫೋಟೊ ತೆಗೆದು ಇಡುತ್ತೇನೆ. ಅಂಗಡಿಯವರು "ಅದೇ ಇಂಗು" ಅಂತ ಕೊಟ್ಟದ್ದು ಒಮ್ಮೆ ಗೋಧಿಯದ್ದೇ ಆಗಿತ್ತು.

ಶೇಂಗಾ ಇನ್ನೊಂದು ತಲೆನೋವು. ಉಪ್ಪಿನಕಾಯಿಗೆ ಶೇಂಗಾ ಹಾಕುವುದಿಲ್ಲ, ಆದರೆ ಚಟ್ನಿಪುಡಿಗೆ ಹಾಕುತ್ತೇವೆ. ಮಿಕ್ಸಿ ಒಂದೇ ಇತ್ತು. ಜಾರಿನ ಬ್ಲೇಡಿನ ಕೆಳಗೆ ಎಷ್ಟು ತೊಳೆದರೂ ಪುಡಿ ಕೂತಿರುತ್ತದೆ, ಬಿಚ್ಚಿ ನೋಡಿದರೆ ಕಾಣುತ್ತದೆ. ಬೇರೆ ಜಾರು ತಂದೆ. ಹುರಿಯುವುದು ಮಾತ್ರ ಈಗಲೂ ಅದೇ ಕೋಣೆಯಲ್ಲಿ, ಹಾಗಾಗಿ ಶೇಂಗಾದ "ಮೇ ಕಂಟೇನ್" ಸಾಲು ಉಳಿಸಿದ್ದೇನೆ. ಪರಿಚಯದವರೊಬ್ಬರು ಪಟ್ಟಿಯ ಎಲ್ಲವನ್ನೂ ಆ ಸಾಲಿಗೆ ತುಂಬಿಸಿ ಕೈ ತೊಳೆದುಕೊಂಡಿದ್ದಾರೆ. ಮೀನು ಮನೆಗೇ ಬಾರದವರ ಉಪ್ಪಿನಕಾಯಿಯಲ್ಲಿ ಮೀನು ಇರಬಹುದಂತೆ. ಅಂಥದ್ದನ್ನು ಓದಿದವರು ನಿಜವಾದ ಎಚ್ಚರಿಕೆಯನ್ನೂ ನಂಬುವುದಿಲ್ಲ.

ಇನ್ನು ದಿನಾಂಕ. ನಮ್ಮ ಹಳೆಯ ಲೇಬಲ್ಲಿನಲ್ಲಿ "ಬೆಸ್ಟ್ ಬಿಫೋರ್ 12 ತಿಂಗಳು" ಅಂತ ಮಾತ್ರ ಇತ್ತು. 2020ರ ಲೇಬಲ್ ನಿಯಮದ ಪ್ರಕಾರ ತಯಾರಿಸಿದ ಅಥವಾ ಪ್ಯಾಕ್ ಮಾಡಿದ ದಿನ, ಜೊತೆಗೆ "ಎಕ್ಸ್‌ಪೈರಿ" ಅಥವಾ "ಯೂಸ್ ಬೈ" ಕಡ್ಡಾಯ. "ಬೆಸ್ಟ್ ಬಿಫೋರ್" ಬೇಕಿದ್ದರೆ ಜೊತೆಗೆ ಹಾಕಬಹುದು. ಎರಡರ ಅರ್ಥ ಬೇರೆ. ಮೊದಲನೆಯದು ದಾಟಿದ ಮೇಲೆ ಮಾರುವಂತಿಲ್ಲ, ತಿನ್ನಲು ಸುರಕ್ಷಿತ ಅಂತ ನಾವು ಹೇಳಲಾರೆವು. ಎರಡನೆಯದು ದಾಟಿದರೆ ಗುಣ ಇಳಿದಿರಬಹುದು, ತಿನ್ನಲು ತೊಂದರೆ ಇರಲಿಕ್ಕಿಲ್ಲ.

ಅತ್ತೆ "ಮಿಡಿ ಮೂರು ವರ್ಷ ಇರ್ತದೆ" ಅಂದರು. ಅವರ ಭರಣಿಯಲ್ಲಿ ಇರುತ್ತದೆ ನಿಜ, ಒಣಗಿದ ಕೈ ಬಿಟ್ಟು ಬೇರೆ ಕೈ ಅದನ್ನು ಮುಟ್ಟುವುದಿಲ್ಲ. ನಾನು ಪ್ರತಿ ಭರಣಿಯಿಂದ ಆರು ಬಾಟಲಿ ಎತ್ತಿಟ್ಟು, ಮೂರು ತಿಂಗಳಿಗೊಂದು ತೆಗೆದು ನೋಡಿದೆ. ಒಂದು ವರ್ಷದವರೆಗೆ ಮಿಡಿ ಕಚ್ಚಿದರೆ ಕಟುಂ ಅನ್ನುತ್ತಿತ್ತು. ಹದಿನೈದನೆಯ ತಿಂಗಳಿಗೆ ಇಂಗಿನ ಘಮ ಇಲ್ಲ, ಬಣ್ಣ ಕಪ್ಪಾಗಿತ್ತು, ಆದರೆ ಬೂಷ್ಟಿಲ್ಲ, ಹುಳಿ ವಾಸನೆ ಇಲ್ಲ. ಹದಿನೆಂಟಕ್ಕೆ ಮಿಡಿ ಮೆತ್ತಗೆ. ಅಲ್ಲಿಯವರೆಗಿನ ಬಾಟಲಿಗಳನ್ನು ಲ್ಯಾಬಿಗೂ ಕೊಟ್ಟೆ, ಯಾಕೆಂದರೆ ಕಣ್ಣು ಮೂಗಿಗೆ ಎಲ್ಲ ಗೊತ್ತಾಗುವುದಿಲ್ಲ. ವರದಿ ಸರಿಯಿತ್ತು. ಬೆಸ್ಟ್ ಬಿಫೋರ್ 12 ತಿಂಗಳು, ಯೂಸ್ ಬೈ 18 ತಿಂಗಳು ಅಂತ ನಿಗದಿ ಮಾಡಿದೆ. ಆಮೇಲಿನದ್ದು ನನ್ನ ಕೈಯಲ್ಲಿ ಪುರಾವೆ ಇಲ್ಲದ ಕಾಲ.

ಎಲ್ಲಿಂದ ಎಣಿಸುವುದು ಅನ್ನುವುದೂ ಪ್ರಶ್ನೆಯೇ. ಮಾರ್ಚಿಯಲ್ಲಿ ಉಪ್ಪಿಗೆ, ಮೇ ತಿಂಗಳಲ್ಲಿ ಮಸಾಲೆ, ಬಾಟಲಿಗೆ ತುಂಬುವುದು ಬೇಡಿಕೆ ಬಂದ ಹಾಗೆ, ಕೆಲವು ಸಲ ದೀಪಾವಳಿಗೆ. ಪ್ಯಾಕಿಂಗ್ ದಿನ ಹಾಕಲು ನಿಯಮ ಬಿಡುತ್ತದೆ. ಆದರೆ ಭರಣಿಯೊಳಗೆ ಕೂತ ಐದು ತಿಂಗಳೂ ಮಿಡಿಗೆ ವಯಸ್ಸಾಗುತ್ತಲೇ ಇರುತ್ತದೆ. ಮಸಾಲೆ ಬೆರೆತ ದಿನವೇ ಅದು ಉಪ್ಪಿನಕಾಯಿ ಆಯಿತು ಅಂತ ಲೆಕ್ಕ ಹಿಡಿದು, ಅಲ್ಲಿಂದಲೇ ಎಣಿಸುತ್ತೇನೆ. ಮೂರು ತಿಂಗಳಿಗಿಂತ ಹೆಚ್ಚು ಬಾಳುವುದಕ್ಕೆ ತಿಂಗಳು, ವರ್ಷ ಸಾಕು, ತೇದಿ ಬೇಕಿಲ್ಲ.

ಹೋದ ಮಳೆಗಾಲದಲ್ಲಿ ಒಂದು ಅಂಗಡಿಯವರು ಅವಧಿ ಮುಗಿಯಲು ಬಂದ ಇಪ್ಪತ್ತು ಬಾಟಲಿ ಹಿಡಿದು, "ಹೊಸ ಸ್ಟಿಕ್ಕರ್ ಕೊಡಿ, ಹಳೆಯದರ ಮೇಲೆ ಅಂಟಿಸ್ತೇನೆ" ಅಂದರು. ಇಪ್ಪತ್ತನ್ನೂ ವಾಪಸ್ ತಂದೆ. ಅವಧಿ ಇನ್ನೂ ಒಂದು ತಿಂಗಳಿತ್ತು. ಅಷ್ಟರಲ್ಲಿ ಮನೆಯಲ್ಲೇ ಖಾಲಿ ಆದವು.