ಹೊಸ ಅಕೌಂಟೆಂಟ್‌ಗೆ ನಾನು ಬರೆದ ಹ್ಯಾಂಡೋವರ್ ಮೇಲ್

ಪೀಣ್ಯದ ಒಂದು ಸಣ್ಣ ಮಷಿನ್ ಶಾಪಿನಲ್ಲಿ ನಾನು ಆಫೀಸ್ ನೋಡಿಕೊಳ್ಳುತ್ತೇನೆ. ಬಿಲ್ಲು, ಜಿಎಸ್‌ಟಿ, ಟಿಡಿಎಸ್, ಪಿಎಫ್, ಸಂಬಳ ಎಲ್ಲ ವರ್ಷಗಳಿಂದ ಒಬ್ಬರೇ ಮೇಡಂ ಕೈಯಲ್ಲಿತ್ತು. ಅವರು ಮೇ ಕೊನೆಗೆ ಕೆಲಸ ಬಿಡುವುದು ಖಾತ್ರಿಯಾಯಿತು. ಅವರ ಜಾಗಕ್ಕೆ ಬಂದ ಹುಡುಗ ಮೇ ಮೊದಲ ವಾರವೇ ಸೇರಿಕೊಂಡ. ಇಬ್ಬರನ್ನೂ ಒಂದು ಕಡೆ ಕೂರಿಸಬೇಕಿತ್ತು. ಅದಕ್ಕೆ ಹುಡುಗನಿಗೆ ಒಂದು ಮೇಲ್ ಬರೆದೆ. ಅದನ್ನು ಹೇಗೆ ಬರೆದೆ, ಯಾಕೆ ಹಾಗೆ ಬರೆದೆ ಅಂತ ಇಲ್ಲಿ ಹೇಳುತ್ತೇನೆ.

ಇಂಥ ಮೇಲ್‌ನಲ್ಲಿ ಎಲ್ಲರೂ ಮೊದಲು ಹಾಕುವುದು ಫೈಲುಗಳ ಪಟ್ಟಿ. ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. ಫೈಲು ಕಪಾಟಿನಲ್ಲೇ ಇರುತ್ತದೆ, ಇವತ್ತಲ್ಲ ನಾಳೆ ಸಿಗುತ್ತದೆ. ಸಿಗದೇ ಹೋಗುವುದು ಅರ್ಧಕ್ಕೆ ನಿಂತ ಕೆಲಸ. ಯಾವ ಸಪ್ಲೈಯರ್ ಬಿಲ್ಲು ಯಾಕೆ ಬಾಕಿ, ಯಾವ ಓಟಿಪಿ ಯಾರ ಫೋನಿಗೆ ಹೋಗುತ್ತದೆ, ಇವೆಲ್ಲ ಮೇಡಂ ತಲೆಯಲ್ಲಿ ಮಾತ್ರ ಇರುವ ವಿಷಯ. ಹಾಗಾಗಿ ವಿಷಯಗಳನ್ನು ಬಾಕಿ ಕೆಲಸದ ಮೇಲೆ ಜೋಡಿಸಿದೆ. ಫೈಲುಗಳನ್ನು ಆಯಾ ವಿಷಯದ ಕೆಳಗೇ ಹಾಕಿದೆ.

ಮೊದಲು ತಾರೀಖು ನೋಡಿದೆ. ನಮ್ಮದು ಪ್ರತಿ ತಿಂಗಳು ರಿಟರ್ನ್ ಹಾಕುವ ಕಂಪನಿ. 11ಕ್ಕೆ ನಮ್ಮ ಮಾರಾಟದ ಬಿಲ್ಲುಗಳನ್ನು ತೋರಿಸುವ ಜಿಎಸ್‌ಟಿಆರ್-1, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ತಿಂಗಳ ಲೆಕ್ಕ ಕೊಟ್ಟು ಜಿಎಸ್‌ಟಿ ಕಟ್ಟುವ 3ಬಿ ರಿಟರ್ನ್. ನಮ್ಮ ಖರೀದಿ ಬಿಲ್ಲುಗಳಲ್ಲಿ ಯಾವುದಕ್ಕೆ ತೆರಿಗೆ ಕ್ರೆಡಿಟ್ ಸಿಗುತ್ತದೆ ಎಂದು ತೋರಿಸುವ 2ಬಿ ಪೋರ್ಟಲ್‌ನಲ್ಲಿ ಬರುವುದು 14ಕ್ಕೆ. 16ಕ್ಕೆ ಕೂತರೆ 2ಬಿ ಬಂದಿರುತ್ತದೆ, 3ಬಿ ಇನ್ನೂ ಹಾಕಿರುವುದಿಲ್ಲ. ಪಿಎಫ್ ಗಡಿಬಿಡಿ ಹಿಂದಿನ ದಿನವೇ ಮುಗಿದಿರುತ್ತದೆ. ಅಂದರೆ ನಿಜವಾದ ಕೆಲಸವನ್ನೇ ಮುಂದಿಟ್ಟುಕೊಂಡು ಕಲಿಸಬಹುದು. 25ರ ಮೇಲೆ ಇಟ್ಟಿದ್ದರೆ ಬರೀ ಹಳೇ ಪೇಪರ್ ತೋರಿಸಬೇಕಾಗುತ್ತಿತ್ತು.

ಮೇಲ್ ಹೀಗಿತ್ತು:

> ವಿಷಯ: ಅಕೌಂಟ್ಸ್ ಹ್ಯಾಂಡೋವರ್, ಮೇ 16, ಬೆಳಿಗ್ಗೆ 10ರಿಂದ 1, ಮೇಡಂ ಟೇಬಲ್ ಹತ್ತಿರ
>
> ನಮಸ್ಕಾರ,
>
> ಮೇಡಂ ಈ ತಿಂಗಳ ಕೊನೆಯವರೆಗೆ ಇರುತ್ತಾರೆ. ಅವರ ಕೆಲಸವನ್ನು ನೀವಿಬ್ಬರೂ ಜೊತೆಗೆ ಕೂತು ನೋಡಲಿ ಅಂತ ಈ ಸಮಯ ಇಟ್ಟಿದ್ದೇನೆ. ನಾನೂ ಇರುತ್ತೇನೆ. ಆ ಹೊತ್ತಿನಲ್ಲಿ ಬೇರೆ ಕೆಲಸ ಇಟ್ಟುಕೊಳ್ಳಬೇಡಿ.
>
> ಈ ಕ್ರಮದಲ್ಲಿ ನೋಡೋಣ:
>
> 1. ಲಾಗಿನ್‌ಗಳು. ಯಾವ ಪೋರ್ಟಲ್, ಯೂಸರ್ ಐಡಿ ಏನು, ಓಟಿಪಿ ಯಾರ ಮೊಬೈಲಿಗೆ, ಯಾವ ಮೇಲ್‌ಗೆ. ಡಿಜಿಟಲ್ ಸಹಿಯ ಟೋಕನ್ ಎಲ್ಲಿದೆ, ಯಾವತ್ತಿಗೆ ಮುಗಿಯುತ್ತದೆ. (ಮೇಡಂ ಶೀಟ್ ಮಾಡಿಟ್ಟಿದ್ದಾರೆ. ಪಾಸ್‌ವರ್ಡ್ ಅದರಲ್ಲಿಲ್ಲ, ಅಲ್ಲೇ ಬದಲಾಯಿಸೋಣ.)
>
> 2. ಏಪ್ರಿಲ್ 2ಬಿ ಮತ್ತು ನಮ್ಮ ಖರೀದಿ ಲೆಕ್ಕದ ತಾಳೆ. (ಟ್ಯಾಲಿ ಖರೀದಿ ರಿಜಿಸ್ಟರ್, 2ಬಿ ಎಕ್ಸೆಲ್, ಬಾಕಿ ಬಿಲ್ಲುಗಳ ಶೀಟ್.)
>
> 3. ಜನವರಿಯಿಂದ ಮಾರ್ಚ್‌ವರೆಗಿನ ಟಿಡಿಎಸ್ ರಿಟರ್ನ್. ಕೊನೇ ದಿನ ಮೇ 31. (ಚಲನ್‌ಗಳು, ಪ್ಯಾನ್ ಪಟ್ಟಿ, ಸಂಬಳದ ಶೀಟ್.)
>
> 4. ಹೊರಗೆ ಜಾಬ್ ವರ್ಕ್‌ಗೆ ಹೋಗಿರುವ ಮಾಲು. ಇದಕ್ಕೆ ಸ್ಟೋರ್ಸ್‌ನವರೂ 12 ಗಂಟೆಗೆ ಬರುತ್ತಾರೆ. (ಚಲನ್ ಬುಕ್, ಏಪ್ರಿಲ್‌ನಲ್ಲಿ ಹಾಕಿದ ಐಟಿಸಿ-04.)
>
> ಬರುವ ಮುಂಚೆ ಎರಡೇ ನೋಡಿಕೊಳ್ಳಿ: ಮಾರ್ಚ್ ತಿಂಗಳ 3ಬಿ, ಮತ್ತು ಬಾಕಿ ಬಿಲ್ಲುಗಳ ಶೀಟ್. ಎರಡೂ ಇದರ ಜೊತೆ ಕಳಿಸಿದ್ದೇನೆ. ಅರ್ಥವಾಗದ ಸಾಲುಗಳಿಗೆ ಗುರುತು ಹಾಕಿಕೊಂಡು ಬನ್ನಿ.
>
> 19ಕ್ಕೆ ಮತ್ತೆ ಕೂರೋಣ. ಅವತ್ತು ಕೀಬೋರ್ಡ್ ನಿಮ್ಮ ಕೈಯಲ್ಲಿ. 3ಬಿ ನೀವು ಹಾಕಿ, ಮೇಡಂ ನೋಡುತ್ತಾರೆ.
>
> ಸಂಬಳ, ಪಿಎಫ್, ಇಎಸ್‌ಐ ಇದರಲ್ಲಿ ಸೇರಿಲ್ಲ. ತಿಂಗಳ ಕೊನೆಯಲ್ಲಿ ಸಂಬಳ ಮಾಡುವಾಗ ಮೇಡಂ ಜೊತೆಗೇ ಕೂರುತ್ತೀರಿ.

ಮೇಲ್ ಮೇಡಂಗೂ ಹೋಯಿತು. ಕಳಿಸುವ ಮುಂಚೆ ಅವರಿಗೆ ತೋರಿಸಿ, ಏನು ಬಿಟ್ಟಿದೆ ಅಂತ ಕೇಳಿದೆ. ನಾಲ್ಕನೇ ವಿಷಯ ಅವರು ಸೇರಿಸಿದ್ದು. ಬಿಡುವವರನ್ನು ಕೇಳದೆ ಪಟ್ಟಿ ಮಾಡಿದರೆ ನಮಗೆ ಗೊತ್ತಿರುವುದು ಮಾತ್ರ ಅದರಲ್ಲಿ ಬರುತ್ತದೆ, ಅಲ್ವಾ?

ಲಾಗಿನ್ ಮೊದಲು ಇಟ್ಟಿದ್ದಕ್ಕೆ ಕಾರಣ ಇದೆ. ಸಣ್ಣ ಕಂಪನಿಗಳಲ್ಲಿ ರಿಜಿಸ್ಟ್ರೇಷನ್ ಮಾಡಿಸುವಾಗ ಅಕೌಂಟೆಂಟ್ ತಮ್ಮ ಸ್ವಂತ ಮೊಬೈಲ್ ನಂಬರನ್ನೇ ಕೊಟ್ಟುಬಿಡುತ್ತಾರೆ. ಪಾಸ್‌ವರ್ಡ್ ಕೈ ಬದಲಾದರೂ ಓಟಿಪಿ ಹಳೇ ಫೋನಿಗೇ ಹೋಗುತ್ತಿರುತ್ತದೆ. ನಮ್ಮ ಜಿಎಸ್‌ಟಿ ಪೋರ್ಟಲ್‌ನಲ್ಲೂ ಸಹಿ ಮಾಡುವ ಮಾಲೀಕರ ಹೆಸರಿನ ಮುಂದೆ ಮೇಡಂ ನಂಬರ್ ಇತ್ತು. ಇದನ್ನು Services, Registration ಒಳಗೆ `Amendment of Registration Non-Core Fields` ಎಂಬಲ್ಲಿ ಬದಲಾಯಿಸಬಹುದು. ಹೊಸ ನಂಬರಿಗೂ ಹೊಸ ಮೇಲ್‌ಗೂ ಓಟಿಪಿ ಬರುತ್ತದೆ, ಆಮೇಲೆ ಡಿಜಿಟಲ್ ಸಹಿ ಹಾಕಬೇಕು. ಅಧಿಕಾರಿ ಒಪ್ಪಿಗೆಗೆ ಕಾಯಬೇಕಿಲ್ಲ. ನಾವು ಹುಡುಗನ ನಂಬರ್ ಹಾಕಲಿಲ್ಲ. ಆಫೀಸಿನ ಹೆಸರಲ್ಲೇ ಒಂದು ಸಿಮ್ ತೆಗೆದುಕೊಂಡು ಅದನ್ನು ಹಾಕಿದೆವು. ಇಲ್ಲದಿದ್ದರೆ ಮುಂದಿನ ಸಲ ಇದೇ ರಗಳೆ.

ಟೋಕನ್ ವಿಷಯದಲ್ಲಿ ಒಂದು ಮಾತು. ಪಿನ್ ತಪ್ಪು ಹೊಡೆಯುತ್ತಾ ಹೋದರೆ ಅದು ಲಾಕ್ ಆಗುತ್ತದೆ. 20ನೇ ತಾರೀಖು ಸಂಜೆ ಹಾಗಾದರೆ ಕಥೆ ಮುಗಿಯಿತು. ಅದಕ್ಕೆ ಮಾಲೀಕರನ್ನು ಐದು ನಿಮಿಷ ಕರೆದು, ಹುಡುಗನ ಕಂಪ್ಯೂಟರಿಗೆ ಟೋಕನ್ ಚುಚ್ಚಿ, ಸಹಿ ಬೀಳುತ್ತದಾ ಅಂತ ಅಲ್ಲೇ ನೋಡಿದೆವು. ಮೇಡಂ ಕಂಪ್ಯೂಟರಿನಲ್ಲಿ ಓಡುತ್ತದೆ ಅಂದಮಾತ್ರಕ್ಕೆ ಇನ್ನೊಂದರಲ್ಲಿ ಓಡಬೇಕೆಂದಿಲ್ಲ. ಡ್ರೈವರ್ ಬೇರೆ ಹಾಕಬೇಕಾಯಿತು.

ಜಾಸ್ತಿ ಹೊತ್ತು ಹಿಡಿದದ್ದು 2ಬಿ ತಾಳೆ. ಹುಡುಗ ಬಾಕಿ ಶೀಟ್ ನೋಡಿ ಗುರುತು ಹಾಕಿಕೊಂಡು ಬಂದಿದ್ದ. ಟೂಲ್ಸ್ ಕೊಡುವ ಒಬ್ಬರ ಏಪ್ರಿಲ್ ಬಿಲ್ಲು: ಮಾಲಿನ ಬೆಲೆ 1,00,000, ಜಿಎಸ್‌ಟಿ 18,000. ಟ್ಯಾಲಿಯಲ್ಲಿ ಇದೆ, 2ಬಿಯಲ್ಲಿ ಇಲ್ಲ. "ಇವರು ನಮ್ಮ ತೆರಿಗೆ ಕಟ್ಟಿಲ್ಲ, ಪೇಮೆಂಟ್ ಹಿಡಿಯೋಣ್ವಾ ಮೇಡಂ?" ಅಂದ.

ಮೇಡಂ ನಕ್ಕರು. "ಅವರು ಮೂರು ತಿಂಗಳಿಗೊಮ್ಮೆ ಹಾಕೋರು ಕಣಪ್ಪ. ಜುಲೈವರೆಗೆ ಕಾಣಲ್ಲ."

ವಿಷಯ ಇಷ್ಟೇ. ವಹಿವಾಟು 5 ಕೋಟಿವರೆಗೆ ಇರುವವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವುದನ್ನು ಆರಿಸಿಕೊಳ್ಳಬಹುದು. ಅಂಥವರು ಏಪ್ರಿಲ್‌ನಿಂದ ಜೂನ್‌ವರೆಗಿನ ಬಿಲ್ಲುಗಳನ್ನು ಜುಲೈ 13ರೊಳಗೆ ತೋರಿಸಿದರೆ ಸಾಕು. ಅದು ನಮಗೆ ಕಾಣುವುದು ಜುಲೈ 14ಕ್ಕೆ ಬರುವ ಜೂನ್ 2ಬಿಯಲ್ಲಿ. ನಡುವಿನ ತಿಂಗಳಲ್ಲೇ ಬಿಲ್ಲು ತೋರಿಸಲು ಐಎಫ್‌ಎಫ್ ಎಂಬ ಸೌಲಭ್ಯ ಇದೆ, ಆದರೆ ಕಡ್ಡಾಯವಲ್ಲ. ಇವರು ಬಳಸುವುದಿಲ್ಲ. ಹಾಗಾಗಿ ಆ 18,000ವನ್ನು ಏಪ್ರಿಲ್ 3ಬಿಯಲ್ಲಿ ತೆಗೆದುಕೊಳ್ಳುವಂತಿಲ್ಲ. ಬಾಕಿ ಶೀಟಿನಲ್ಲಿ ಇಟ್ಟುಕೊಂಡು ಜೂನ್ 3ಬಿಯಲ್ಲಿ ತೆಗೆದುಕೊಳ್ಳಬೇಕು. ಪೇಮೆಂಟ್ ಹಿಡಿದರೆ ನಮಗೇ ನಷ್ಟ: ಬಿಲ್ಲಿನ ದಿನದಿಂದ 180 ದಿನದಲ್ಲಿ ದುಡ್ಡು ಕೊಡದಿದ್ದರೆ ತೆಗೆದುಕೊಂಡ ಕ್ರೆಡಿಟ್ ವಾಪಸ್ ಕಟ್ಟಬೇಕು. ಜೊತೆಗೆ ಒಳ್ಳೇ ಸಪ್ಲೈಯರ್ ಜೊತೆ ಸುಮ್ನೆ ಜಗಳ.

ನಮ್ಮ ಸಪ್ಲೈಯರ್‌ಗಳಲ್ಲಿ ಇಂಥವರು ಯಾರ್ಯಾರು ಅಂತ ಮೇಡಂಗೆ ಬಾಯಿಗೇ ಬರುತ್ತಿತ್ತು. ಶೀಟಿನಲ್ಲಿ ಇರಲಿಲ್ಲ. ಅಲ್ಲೇ "ಎಷ್ಟು ತಿಂಗಳಿಗೊಮ್ಮೆ" ಎಂಬ ಒಂದು ಕಾಲಂ ಸೇರಿಸಿ, ಅವರು ಹೇಳುತ್ತಾ ಹೋದರು, ಹುಡುಗ ತುಂಬುತ್ತಾ ಹೋದ. ಆ ಬೆಳಿಗ್ಗೆ ನಮಗೆ ಸಿಕ್ಕ ದೊಡ್ಡ ಲಾಭ ಆ ಕಾಲಮ್ಮೇ. ಮೂರು ತಿಂಗಳಿಗೊಮ್ಮೆ ಹಾಕುವವರು ಅಲ್ಲದೆಯೂ 2ಬಿಯಲ್ಲಿ ಕಾಣದ ಬಿಲ್ಲು ಒಂದೆರಡು ಉಳಿದವು. ಅವಕ್ಕೆ ಫೋನ್ ಮಾಡಬೇಕು, ಅಷ್ಟೇ. ಒಂದರಲ್ಲಿ ಅವರು ನಮ್ಮ ಜಿಎಸ್‌ಟಿ ನಂಬರನ್ನೇ ತಪ್ಪು ಹಾಕಿದ್ದರು.

ಟಿಡಿಎಸ್ ರಿಟರ್ನ್ ಮೇ 31ಕ್ಕೆ ಅಂತ ಮೇಲ್‌ನಲ್ಲಿ ಬರೆದಿದ್ದೆನಾದರೂ ಅಲ್ಲಿಯವರೆಗೆ ಬಿಡುವ ಯೋಚನೆ ಇರಲಿಲ್ಲ. ಜೂನ್ 15ರೊಳಗೆ ಎಲ್ಲರಿಗೂ ಫಾರಂ 16 ಕೊಡಬೇಕು. ಅದರ ಮೊದಲ ಭಾಗವನ್ನು ಆದಾಯ ತೆರಿಗೆ ಇಲಾಖೆಯ ಟ್ರೇಸಸ್ ಪೋರ್ಟಲ್‌ನಿಂದ ಇಳಿಸಿಕೊಳ್ಳಬೇಕು. ರಿಟರ್ನ್ ಹಾಕಿ, ಅದು ಪ್ರೊಸೆಸ್ ಆದ ಮೇಲಷ್ಟೇ ಸಿಗುವಂಥದ್ದು. ಕೊನೇ ದಿನ ಹಾಕಿ, ಯಾರದೋ ಪ್ಯಾನ್ ತಪ್ಪು ಅಂತ ಬಂದರೆ ತಿದ್ದುವಷ್ಟರಲ್ಲಿ ಮೇಡಂ ಹೋಗಿರುತ್ತಾರೆ. ಅದಕ್ಕೆ 3ಬಿ ಮುಗಿದ ಮರುದಿನವೇ ಇದನ್ನು ಹಾಕುವುದು ಅಂತ ತೀರ್ಮಾನ ಮಾಡಿದೆವು. ಫಾರಂ 16 ಹುಡುಗನ ಪಾಲಿಗೆ. ಮೇ ತಿಂಗಳ ಟಿಡಿಎಸ್ ಜೂನ್ 7ಕ್ಕೆ ಕಟ್ಟುವುದೂ ಅವನದೇ, ಅವನೊಬ್ಬನೇ ಮಾಡುವ ಮೊದಲ ಕೆಲಸ ಅದು. ಹಾಗಾಗಿ ಏಪ್ರಿಲ್ ಲೆಕ್ಕದ ಶೀಟನ್ನೇ ತೆಗೆದು, ಯಾರಿಗೆ ಎಷ್ಟು ಹಿಡಿದಿದ್ದೇವೆ ಅಂತ ಒಂದೊಂದು ಸಾಲೂ ಓದಿಸಿದರು ಮೇಡಂ.

ಜಾಬ್ ವರ್ಕ್ ಚಲನ್ ಬುಕ್ ಹಿಡಿದು ಸ್ಟೋರ್ಸ್‌ನವರು ಬಂದಾಗ 12 ದಾಟಿತ್ತು. ಪ್ಲೇಟಿಂಗ್‌ಗೋ ಹೀಟ್ ಟ್ರೀಟ್‌ಮೆಂಟ್‌ಗೋ ಚಲನ್ ಮೇಲೆ ಕಳಿಸಿದ ಮಾಲು ಒಂದು ವರ್ಷದೊಳಗೆ ವಾಪಸ್ ಬರಬೇಕು. ಬರದಿದ್ದರೆ ಕಳಿಸಿದ ದಿನವೇ ಮಾರಿದಂತೆ ಲೆಕ್ಕ, ತೆರಿಗೆಯ ಜೊತೆ ಬಡ್ಡಿಯೂ ಕಟ್ಟಬೇಕು. ತೊಂದರೆ ಆಗುವುದು ದೊಡ್ಡ ಲಾಟಿನಲ್ಲಲ್ಲ. 200 ಪೀಸ್ ಹೋಗಿ 194 ಬಂದ ಚಲನ್‌ಗಳಲ್ಲಿ. ಉಳಿದ ಆರು ರಿಜೆಕ್ಟ್ ಆದವಾ, ಅಲ್ಲೇ ಬಿದ್ದಿವೆಯಾ ಅಂತ ಬುಕ್ ಹೇಳುವುದಿಲ್ಲ. ಮೇಡಂ ಅಂಥ ಚಲನ್‌ಗಳಿಗೆ ಪೆನ್ಸಿಲ್‌ನಲ್ಲಿ ಒಂದು ಸುತ್ತು ಹಾಕಿಡುತ್ತಿದ್ದರು. ಆ ಸುತ್ತಿಗೆ ಏನರ್ಥ ಅಂತ ಅಲ್ಲಿಯವರೆಗೆ ನನಗೂ ಗೊತ್ತಿರಲಿಲ್ಲ. ಸುತ್ತು ಹಾಕಿದ್ದನ್ನೆಲ್ಲ ಹುಡುಗ ಮತ್ತು ಸ್ಟೋರ್ಸ್‌ನವರು ಅದೇ ವಾರ ಪ್ಲೇಟಿಂಗ್‌ನವರ ಹತ್ತಿರ ಹೋಗಿ ಎಣಿಸಿ ಬಂದರು.

19ರಂದು ಹುಡುಗ 3ಬಿ ಹಾಕಿದ. ಮೇಡಂ ಪಕ್ಕದಲ್ಲಿ ಕೂತು ಒಂದೇ ಕಡೆ ಬಾಯಿ ಹಾಕಿದರು. ಪೋರ್ಟಲ್ ತಾನೇ ತುಂಬಿಕೊಟ್ಟ ಕ್ರೆಡಿಟ್ ಮೊತ್ತವನ್ನು ಅವನು ಹಾಗೇ ಮುಂದೆ ಕಳಿಸಲು ಹೊರಟಿದ್ದ. ಆದರೆ ಅದರಲ್ಲಿ ಫ್ಯಾಕ್ಟರಿ ಕ್ಯಾಂಟೀನಿಗೆ ತಂದ ಊಟದ ಬಿಲ್ಲೊಂದರ ತೆರಿಗೆಯೂ ಸೇರಿತ್ತು. ನಾವು ಅದಕ್ಕೆ ಕ್ರೆಡಿಟ್ ತೆಗೆದುಕೊಳ್ಳುವುದಿಲ್ಲ. ಅದನ್ನು ಕಳೆದು, ಮತ್ತೆ ತಾಳೆ ನೋಡಿ, ಚಲನ್ ಮಾಡಿ, ದುಡ್ಡು ಕಟ್ಟಿ, ಸಹಿ ಹಾಕಿಸಿದ.

ಕೆಲಸ ಬಿಟ್ಟ ಮೇಲೆ ಫೋನ್ ಮಾಡಬಹುದಾ ಅಂತ ಮೇಡಂನ ಮುಂಚೆಯೇ ಕೇಳಿಟ್ಟಿದ್ದೆ. ಜೂನ್ ಕೊನೆಯವರೆಗೆ, ಸಂಜೆ ಆರರ ಮೇಲೆ, ಅದೂ ಹುಡುಗ ಬರೆದಿಟ್ಟುಕೊಂಡ ಪ್ರಶ್ನೆಗಳಿದ್ದರೆ ಅಂದರು. ಜೂನ್ 7ರ ಟಿಡಿಎಸ್‌ಗೆ ಒಂದು ಸಲ ಮಾಡಿದ. ಫಾರಂ 16ಕ್ಕೆ ಮಾಡಲೇ ಇಲ್ಲ.