ಗೀಸರ್ ನೀರು ಉಗುರು ಬೆಚ್ಚಗಷ್ಟೇ? ಕಾಯಿಲ್ ಬದಲಿಸುವ ಮುನ್ನ ಇಷ್ಟು ನೋಡಿ

ಗೀಸರ್ ಲೈಟ್ ಉರಿಯುತ್ತದೆ, ನೀರು ಮಾತ್ರ ಉಗುರು ಬೆಚ್ಚಗೆ. ರಿಪೇರಿಗೆ ಕರೆದರೆ ಬಂದವರು ಮುಚ್ಚಳ ತೆಗೆಯುವ ಮೊದಲೇ ‘ಕಾಯಿಲ್ ಹೋಗಿದೆ ಸಾರ್’ ಅನ್ನುತ್ತಾರೆ. ಕಾಯಿಲ್ ಸುಟ್ಟು ಹೋಗಿದ್ದರೆ ನೀರು ತಣ್ಣಗೇ ಇರುತ್ತಿತ್ತು, ಅಲ್ವಾ? ಬೆಚ್ಚಗಾದರೂ ಆಗುತ್ತಿದೆ ಎಂದರೆ ಕಾಯಿಲ್ ಕೆಲಸ ಮಾಡುತ್ತಿದೆ. ಸಾಮಾನ್ಯವಾಗಿ ತಪ್ಪು ಇರುವುದು ನೀರು ಕಾದ ಮೇಲೆ ಕರೆಂಟ್ ಕಟ್ ಮಾಡುವ ಥರ್ಮೋಸ್ಟಾಟ್‌ನಲ್ಲಿ, ಇಲ್ಲವೇ ಕಾಯಿಲ್ ಮೇಲೆ ಕಟ್ಟಿದ ಸುಣ್ಣದಲ್ಲಿ.

1. ಗಡಿಯಾರ ಹಿಡಿದು ನೋಡಿ

ಈ ಹಂತವನ್ನು ಯಾರೂ ಮಾಡುವುದಿಲ್ಲ. ಅರ್ಧ ಉತ್ತರ ಇಲ್ಲೇ ಸಿಗುತ್ತದೆ. 15 ಲೀಟರ್‌ನ, 2 ಕಿಲೋವಾಟ್‌ನ ಗೀಸರ್ 25 ಡಿಗ್ರಿ ನೀರನ್ನು 60 ಡಿಗ್ರಿಗೆ ತರಲು ಸುಮಾರು 18–20 ನಿಮಿಷ ಬೇಕು. ತಣ್ಣೀರು ತುಂಬಿಸಿ, ಡಯಲ್ ಪೂರ್ತಿ ತಿರುಗಿಸಿ, ಸ್ವಿಚ್ ಹಾಕಿ. ನಲ್ಲಿ ಮುಟ್ಟಬೇಡಿ, ಲೈಟ್ ಮಾತ್ರ ಗಮನಿಸಿ.

ಲೈಟ್ ಆರೇ ನಿಮಿಷಕ್ಕೆ ಆರಿತು ಎನ್ನಿ. ಅಷ್ಟರಲ್ಲಿ ನೀರು ಹನ್ನೊಂದು ಡಿಗ್ರಿಯಷ್ಟೇ ಏರಿರುತ್ತದೆ, ಅಂದರೆ 36ರ ಆಸುಪಾಸು. ಈಗ ಕಾಯಿರಿ. ಲೈಟ್ ಮತ್ತೆ ಹತ್ತದೆ ಆರಿಯೇ ಇದ್ದರೆ ಥರ್ಮೋಸ್ಟಾಟ್ ಬೇಗ ಕಟ್ ಮಾಡುತ್ತಿದೆ. ಕೆಲವು ನಿಮಿಷಕ್ಕೇ ಮತ್ತೆ ಹತ್ತಿ, ಆರಿ, ಹತ್ತಿ ಹೀಗೆ ಆಟವಾಡಿದರೆ ಸುಣ್ಣದ ಮೇಲೆ ಅನುಮಾನ ಪಡಿ. ಕಾಯಿಲ್ ಮತ್ತು ಥರ್ಮೋಸ್ಟಾಟ್ ಕಡ್ಡಿ ಇರುವ ಕೊಳವೆಯ ನಡುವೆ ಸುಣ್ಣ ತುಂಬಿಕೊಂಡರೆ ಕಾಯಿಲ್ ಬಿಸಿ ನೇರ ಕಡ್ಡಿಗೇ ಹೋಗುತ್ತದೆ. ನೀರು ಕಾಯುವ ಮೊದಲೇ ಅದು ‘ಸಾಕು’ ಅಂದುಬಿಡುತ್ತದೆ. ಒಳಗಿನಿಂದ ಕೆಟಲ್ ಕುದಿಯುವಂತೆ ಗುರುಗುರು ಸದ್ದು ಬಂದರೆ ಅನುಮಾನ ಇನ್ನೂ ಗಟ್ಟಿ.

ಲೈಟ್ ಒಂದು ಗಂಟೆ ಉರಿದೂ ನೀರು ಬೆಚ್ಚಗೇ ಇದ್ದರೆ ಬೇರೆ ಕಥೆ: ಮಿಕ್ಸರ್ ನಲ್ಲಿಯಲ್ಲಿ ತಣ್ಣೀರು ಸೇರುತ್ತಿದೆಯೇ, ವೋಲ್ಟೇಜ್ ತೀರಾ ಕಡಿಮೆಯೇ ನೋಡಿ.

2. ಥರ್ಮೋಸ್ಟಾಟ್ ಪರೀಕ್ಷೆ

ಎಂಸಿಬಿ ಇಳಿಸಿ. ಟೆಸ್ಟರ್‌ನಿಂದ ಖಚಿತ ಮಾಡಿಕೊಳ್ಳಿ. ಈ ಕೆಲಸ ಹೊಸದಾದರೆ ಇಲ್ಲಿಂದ ಮುಂದೆ ಎಲೆಕ್ಟ್ರಿಷಿಯನ್‌ಗೇ ಬಿಡಿ. ಪಕ್ಕದಲ್ಲಿ ನಿಂತು ನೋಡಿ, ಸಾಕು. ಕೆಳಗಿನ ಮುಚ್ಚಳ ತೆಗೆದು ಥರ್ಮೋಸ್ಟಾಟ್ ಕಡ್ಡಿಯನ್ನು ಅದರ ಕೊಳವೆಯಿಂದ ಎಳೆಯಿರಿ. ಇದಕ್ಕೆ ಟ್ಯಾಂಕ್ ಖಾಲಿ ಮಾಡಬೇಕಿಲ್ಲ. ವೈರ್‌ಗಳ ಫೋಟೊ ತೆಗೆದುಕೊಂಡು ಕಳಚಿ. ಪಾತ್ರೆಯಲ್ಲಿ ನೀರು ಕಾಯಿಸುತ್ತಾ ಕಡ್ಡಿಯನ್ನಷ್ಟೇ ಅದ್ದಿ, ಟರ್ಮಿನಲ್‌ಗೆ ನೀರು ತಗಲದಂತೆ ಹಿಡಿಯಿರಿ. ನೀರಿನಲ್ಲಿ ಥರ್ಮಾಮೀಟರ್ ಇಟ್ಟು, ಮಲ್ಟಿಮೀಟರ್ ಅನ್ನು ಬೀಪ್ ಮೋಡ್‌ಗೆ ಹಾಕಿ ಅದರ ತುದಿಗಳನ್ನು ಥರ್ಮೋಸ್ಟಾಟ್ ಟರ್ಮಿನಲ್‌ಗಳಿಗೆ ಹಿಡಿಯಿರಿ. ಬೀಪ್ ಸದ್ದು ಯಾವ ಡಿಗ್ರಿಗೆ ನಿಲ್ಲುತ್ತದೆ? ಡಯಲ್ ಪೂರ್ತಿ ಇದ್ದೂ 40ಕ್ಕೆ ನಿಂತರೆ ಎಸೆಯಿರಿ. 60–70ಕ್ಕೆ ನಿಂತರೆ ಅದು ಸರಿ ಇದೆ, ಕಾಯಿಲ್ ಬಿಚ್ಚಬೇಕು.

ಥರ್ಮೋಸ್ಟಾಟ್ ಬಿಟ್ಟು ‘ಡೈರೆಕ್ಟ್ ಕೊಟ್ಟುಬಿಡ್ತೀನಿ’ ಅನ್ನುವವರನ್ನು ಮನೆ ಒಳಗೆ ಬಿಡಬೇಡಿ. ನೀರು ಕುದಿದು ಟ್ಯಾಂಕ್ ಒಡೆಯಬಹುದು. ಹೆಸರಿಲ್ಲದ ಅಗ್ಗದ ಥರ್ಮೋಸ್ಟಾಟ್ ಕೂಡ ಬೇಡ.

3. ಕಾಯಿಲ್ ಬಿಚ್ಚುವುದು

ನೀರು ಆರಲಿ. ಒಳಬರುವ ನೀರಿನ ವಾಲ್ವ್ ಮುಚ್ಚಿ, ಬಿಸಿನೀರಿನ ನಲ್ಲಿ ತೆರೆದಿಟ್ಟು (ಇಲ್ಲದಿದ್ದರೆ ಗಾಳಿ ಹೋಗದೆ ನೀರು ಇಳಿಯದು) ತಣ್ಣೀರಿನ ಪೈಪ್ ಸಡಿಲಿಸಿ, ಬಕೆಟ್ ಇಡಿ. ಕಾಯಿಲ್ ಕೂರಿಸಿರುವ ಲೋಹದ ತಟ್ಟೆ, ಅಂದರೆ ಫ್ಲೇಂಜ್‌ನ ಬೋಲ್ಟ್ ಬಿಚ್ಚಿ ಕಾಯಿಲ್ ಹೊರತೆಗೆಯಿರಿ.

ಬೋರ್‌ವೆಲ್ ನೀರಿನ ಮನೆಗಳಲ್ಲಿ ಇದು ಸುಣ್ಣದ ಗಡ್ಡೆಯಾಗಿಯೇ ಬರುತ್ತದೆ. ಚಾಕುವಿನಿಂದ ಕೆರೆಯಬೇಡಿ, ಸುತ್ತಿಗೆಯಂತೂ ಬೇಡವೇ ಬೇಡ. ಮೇಲಿನ ಲೋಹದ ಹೊದಿಕೆ ಸೀಳಿದರೆ ಕರೆಂಟ್ ನೀರಿಗೆ ಬರುತ್ತದೆ. ಬಚ್ಚಲು ತೊಳೆಯುವ ಆಸಿಡ್ ಸಹ ಬೇಡ, ಅದು ಹೊದಿಕೆಯನ್ನೇ ತಿನ್ನುತ್ತದೆ. ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಸಿಡ್ ಅಂದರೆ ನಿಂಬೆ ಉಪ್ಪೇ ಸಾಕು: ಲೀಟರ್ ಬಿಸಿನೀರಿಗೆ 100 ಗ್ರಾಂ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕಾಯಿಲ್ ಮಾತ್ರ ಮುಳುಗುವಂತೆ ತೂಗುಹಾಕಿ, ಟರ್ಮಿನಲ್ ಮೇಲಿರಲಿ. ಸಣ್ಣ ಗುಳ್ಳೆ ಏಳುತ್ತದೆ. ಗುಳ್ಳೆ ನಿಂತೂ ಸುಣ್ಣ ಉಳಿದಿದ್ದರೆ ಹೊಸ ನೀರು ಮಾಡಿ. ರಾತ್ರಿ ಬಿಟ್ಟು ಬೆಳಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ. ಅಷ್ಟರಲ್ಲಿ ಟ್ಯಾಂಕ್ ತಳದ ಚೂರುಗಳನ್ನೂ ತೆಗೆಯಿರಿ. ಟ್ಯಾಂಕ್‌ಗೆ ತುಕ್ಕು ಹಿಡಿಯದಂತೆ ಕಾಪಾಡುವ ಮೆಗ್ನೀಸಿಯಂ ಕಡ್ಡಿ ಸವೆದು ಪೆನ್ಸಿಲ್‌ಗಿಂತ ಸಣ್ಣದಾಗಿದ್ದರೆ ಬದಲಿಸಿ.

ತೊಳೆದು ಚೆನ್ನಾಗಿ ಒಣಗಿಸಿ, ಮಲ್ಟಿಮೀಟರ್‌ನ ಒಂದು ತುದಿ ಟರ್ಮಿನಲ್‌ಗೆ, ಇನ್ನೊಂದು ಹೊದಿಕೆಗೆ ಹಿಡಿಯಿರಿ. ಬೀಪ್ ಬಂದರೆ ಆ ಕಾಯಿಲ್ ಮುಗಿದಂತೆ. ಹೊದಿಕೆ ಉಬ್ಬಿದ್ದರೂ ಹೊಸದು ಹಾಕಿ.

4. ಮರುಜೋಡಣೆ

ಹಳೆಯ ಗ್ಯಾಸ್ಕೆಟ್ ಮತ್ತೆ ಹಾಕಬೇಡಿ. ಬೋಲ್ಟ್‌ಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿಮಾಡಿ. ಅರ್ಥ್ ವೈರ್ ಮರೆಯಬೇಡಿ. ನಲ್ಲಿಯಿಂದ ಗಾಳಿ ಇಲ್ಲದೆ ಪೂರ್ತಿ ಧಾರೆ ಬರುವವರೆಗೆ ನೀರು ತುಂಬಿಸಿ, ಆಮೇಲೆ ಎಂಸಿಬಿ. ಟ್ಯಾಂಕ್ ಖಾಲಿ ಇರುವಾಗ ಸ್ವಿಚ್ ಹಾಕಿದರೆ ಕಾಯಿಲ್ ನಿಮಿಷಗಳಲ್ಲಿ ಸುಡುತ್ತದೆ. ಮರುದಿನ ಫ್ಲೇಂಜ್ ಅಂಚಿಗೆ ಒಣ ಕಾಗದ ಒತ್ತಿ ನೋಡಿ. ಒದ್ದೆಯಾದರೆ ಎಂಸಿಬಿ ಇಳಿಸಿ ಬೋಲ್ಟ್ ಸ್ವಲ್ಪ ಬಿಗಿಮಾಡಿ, ಮೇಲೆ ಸೀಲಂಟ್ ಬಳಿದು ಸುಮ್ನೆ ಮುಚ್ಚಬೇಡಿ.